ಹಲ್ಲರ್ ಪಕ್ಕದ ಕಿವಿಗೆ ಪ್ಲಗ್ ಎಷ್ಟು ಕಾಪಾಡುತ್ತೆ?

ಆಯುಧ ಪೂಜೆ ದಿನ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೆಷೀನೆಲ್ಲ ನಿಂತಿರುತ್ತವೆ. ಕಾಫಿ ಬೀಜದ ಸಿಪ್ಪೆ ತೆಗೆಯುವ ಹಲ್ಲರ್‌ಗೆ ಚೆಂಡು ಹೂವಿನ ಹಾರ, ಮೋಟಾರಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ಪೂಜೆ ಮುಗಿದ ಮೇಲೆ ಗೋದಾಮಿನಲ್ಲೇ ಎಲೆ ಹಾಕಿ ಊಟ. ಹೋದ ವರ್ಷ ಸಾರು ಬಡಿಸ್ತಾ ಇದ್ದದ್ದು ನಮ್ಮ ಹಲ್ಲರ್ ಅಣ್ಣ. 22 ವರ್ಷದಿಂದ ಅದೇ ಮೆಷೀನಿನ ಪಕ್ಕ ನಿಂತವರು. ನಾನು "ಸಾಕಣ್ಣಾ" ಅಂದೆ. ಅವರು ಇನ್ನೊಂದು ಸೌಟು ಹಾಕಿದರು. ಜೋರಾಗಿ "ಸಾಕಣ್ಣಾ!" ಅಂದೆ. ಮತ್ತೊಂದು ಸೌಟು ಬಿತ್ತು. ಎಲೆ ತುಂಬಿ ಸಾರು ಹರಿಯಿತು, ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಣ್ಣನೂ ನಕ್ಕರು: "ನೀನೇ ತಾನೇ ಹಾಕಣ್ಣಾ, ಹಾಕಣ್ಣಾ ಅಂದಿದ್ದು?"

ಕುಶಾಲನಗರದ ಕಡೆಯ ಆ ಶೆಡ್‌ನಲ್ಲಿ ಮೆಷೀನ್ ನೋಡಿಕೊಳ್ಳುವುದು ನನ್ನ ಕೆಲಸ. ಬೇರಿಂಗ್ ಸವೆದದ್ದು ಸದ್ದಿನಲ್ಲೇ ಗೊತ್ತಾಗುತ್ತೆ ಅಂತ ಜಂಬ ಪಡುವವನು ನಾನು. ಆದರೆ ಪಕ್ಕದಲ್ಲಿದ್ದ ಮನುಷ್ಯನ ಕಿವಿ ಸವೆದದ್ದು ಆ ದಿನದವರೆಗೂ ಗೊತ್ತಾಗಿರಲಿಲ್ಲ.

ಅಣ್ಣನಿಗೆ ನನ್ನ ದನಿ ಕೇಳಿಸಿತ್ತು. ಕೇಳಿಸದೇ ಹೋದದ್ದು "ಸ" ಮಾತ್ರ. ಸದ್ದಿನಿಂದ ಹಾಳಾಗುವ ಕಿವಿಯ ಲಕ್ಷಣವೇ ಇದು. "ಸ", "ಶ", "ಚ", "ತ" ಇವೆಲ್ಲ ಸಣ್ಣ, ಚುರುಕಾದ, ಎತ್ತರದ ಸ್ವರದ ಸದ್ದುಗಳು. "ಆ", "ಉ" ತರಹದ ಸ್ವರಗಳು ದಪ್ಪನೆಯ ಸದ್ದುಗಳು. ಸದ್ದಿನ ಪೆಟ್ಟು ಮೊದಲು ಬೀಳುವುದು ಎತ್ತರದ ಸ್ವರ ಹಿಡಿಯುವ ಜಾಗಕ್ಕೆ. ಹಾಗಾಗಿ ಮಾತು ಕೇಳಿಸುತ್ತೆ, ಅಕ್ಷರ ಬಿಟ್ಟುಹೋಗುತ್ತೆ. ಉಳಿದದ್ದನ್ನು ತಲೆ ತನಗೆ ತೋಚಿದಂತೆ ತುಂಬಿಕೊಳ್ಳುತ್ತೆ. ಅದಕ್ಕೇ ಇಂಥವರು "ನನಗೆ ಚೆನ್ನಾಗೇ ಕೇಳಿಸುತ್ತೆ, ನೀವೇ ಸರಿಯಾಗಿ ಮಾತಾಡಲ್ಲ" ಅನ್ನುತ್ತಾರೆ. ಸುಳ್ಳು ಹೇಳ್ತಿಲ್ಲ, ಅವರಿಗೆ ನಿಜಕ್ಕೂ ಹಾಗೇ ಅನ್ನಿಸುವುದು.

ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಪುಟ್ಟ ಕೊಳವೆ ಇದೆ. ಅದರೊಳಗೆ ಒಂದೊಂದು ಕಿವಿಗೂ ಸುಮಾರು 15 ಸಾವಿರ ಕೂದಲಿನಂಥ ಜೀವಕೋಶಗಳು ಸಾಲಾಗಿ ನಿಂತಿರುತ್ತವೆ. ಸದ್ದು ಬಂದಾಗ ಅವು ಬಾಗಿ ಎದ್ದು ನರಕ್ಕೆ ಸುದ್ದಿ ಕಳಿಸುತ್ತವೆ. ಒಂದು ದಿನ ಜಾಸ್ತಿ ಸದ್ದು ಕೇಳಿದರೆ ದಣಿಯುತ್ತವೆ. ಕೆಲಸ ಬಿಟ್ಟು ಮನೆಗೆ ಹೋಗುವಾಗ ಕಿವಿಗೆ ಹತ್ತಿ ತುರುಕಿದ ಹಾಗೆ ಅನ್ನಿಸುವುದು, ರಾತ್ರಿ ಮಲಗಿದಾಗ ಜೀರುಂಡೆ ಕೂಗಿದಂತೆ ಗುಂಯ್ ಅನ್ನುವುದು ಈ ದಣಿವಿನ ಗುರುತು. ಬೆಳಗ್ಗೆ ಹೊತ್ತಿಗೆ ಬಹುಪಾಲು ಸರಿಹೋಗುತ್ತೆ. ದಿನಾ ಹಾಗೇ ಆದರೆ ಕೆಲವು ಏಳದೆ ಸತ್ತುಹೋಗುತ್ತವೆ. ಮನುಷ್ಯನ ಕಿವಿಯಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ನೋವೂ ಆಗುವುದಿಲ್ಲ. ಕಿವಿ ನೋಯಬೇಕಾದರೆ ಸದ್ದು ಸುಮಾರು 120 ಡೆಸಿಬಲ್ ಮುಟ್ಟಬೇಕು. ಹಾಳಾಗುವುದಕ್ಕೆ ಅದಕ್ಕಿಂತ ತುಂಬಾ ಕಡಿಮೆ ಸಾಕು.

ಎಷ್ಟು ಕಡಿಮೆ? ಇಲ್ಲಿ ಡೆಸಿಬಲ್ ಲೆಕ್ಕದ ಒಂದು ಚಮತ್ಕಾರ ತಿಳಿದಿರಬೇಕು. ಇದು ಕಿಲೋ, ಲೀಟರ್ ಥರ ಕೂಡುವ ಅಳತೆ ಅಲ್ಲ. 91 ಡೆಸಿಬಲ್ ಸದ್ದು ಮಾಡುವ ಎರಡು ಮೆಷೀನ್ ಒಟ್ಟಿಗೆ ಓಡಿದರೆ ಬರುವುದು 182 ಅಲ್ಲ, 94. ಅಂದರೆ 3 ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಸದ್ದಿನ ಶಕ್ತಿ ಎರಡರಷ್ಟು. ಮೀಟರಿನಲ್ಲಿ 88 ಇದ್ದದ್ದು 94 ಆದರೆ "ಆರು ತಾನೇ" ಅನ್ನುವ ಹಾಗಿಲ್ಲ, ನಾಲ್ಕು ಪಟ್ಟು ಅದು.

ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1998ರಲ್ಲಿ ಕೊಟ್ಟ ಸಲಹೆ ಇದರ ಮೇಲೇ ನಿಂತಿದೆ. 85 ಡೆಸಿಬಲ್‌ನಲ್ಲಿ ದಿನಕ್ಕೆ ಹೆಚ್ಚೆಂದರೆ 8 ಗಂಟೆ ಇರಬಹುದು. 88 ಆದರೆ 4 ಗಂಟೆ. 91 ಆದರೆ 2, 94 ಆದರೆ ಒಂದೇ ಗಂಟೆ. ಆ 85 ಕೂಡ ಪೂರ್ತಿ ಸುರಕ್ಷಿತ ಅಲ್ಲ. ಅಷ್ಟು ಸದ್ದಿನಲ್ಲಿ 40 ವರ್ಷ ದುಡಿದವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕಿವಿ ಮಂದವಾಗುತ್ತೆ ಅಂತ ಅವರದೇ ಅಂದಾಜು.

ನಮ್ಮ ಕಾರ್ಖಾನೆ ನಿಯಮಗಳಲ್ಲಿ ಬಹಳ ಕಾಲದಿಂದ ಇರುವ ಪಟ್ಟಿ ಬೇರೆ. 90 ಡೆಸಿಬಲ್‌ಗೆ 8 ಗಂಟೆ, 92ಕ್ಕೆ 6, 95ಕ್ಕೆ 4, 100ಕ್ಕೆ 2 ಗಂಟೆ. ಅಂದರೆ ಸಮಯ ಅರ್ಧ ಆಗಬೇಕಾದರೆ ಸದ್ದು 5 ಡೆಸಿಬಲ್ ಏರಬೇಕು. ಈ ಎರಡು ಲೆಕ್ಕದ ನಡುವೆ ಎಷ್ಟು ಅಂತರ ಇದೆ ಅಂತ ನನಗೆ ಅರ್ಥ ಆದದ್ದು ಅಣ್ಣನ ದಿನಚರಿಯನ್ನು ಕಾಗದದ ಮೇಲೆ ಬರೆದಾಗ.

ಸಾರಿನ ಘಟನೆ ಆದ ಮೇಲೆ ಒಂದು ಐಫೋನ್ ಕಡ ತಂದು, ಅದರಲ್ಲಿ NIOSH SLM ಅನ್ನುವ ಉಚಿತ ಆ್ಯಪ್ ಹಾಕಿ ಅಳೆದೆ. ಆಂಡ್ರಾಯ್ಡ್ ಫೋನುಗಳಲ್ಲಿ ಮೈಕ್ ಒಂದೊಂದರದ್ದು ಒಂದೊಂದು ಥರ, ಅಲ್ಲಿಯ ಆ್ಯಪ್‌ಗಳ ಸಂಖ್ಯೆಯನ್ನು ಜಾಸ್ತಿ ನಂಬಬಾರದು. ಕೋರ್ಟು ಕಚೇರಿಗೆ ಬೇಕಾದರೆ ಸರಿಯಾಗಿ ತಪಾಸಣೆ ಆದ ಮೀಟರೇ ಬೇಕು. ನಮಗೆ ಬೇಕಿದ್ದದ್ದು ಅಂದಾಜು. ಫೋನನ್ನು ಅಣ್ಣನ ಕಿವಿ ಹತ್ತಿರ ಹಿಡಿದು, ಗಾಳಿ ಮತ್ತು ಹೊಟ್ಟು ಮೈಕಿಗೆ ಬಡಿಯದಂತೆ ನೋಡಿಕೊಂಡೆ. ಹಲ್ಲರ್ ಪಕ್ಕ 94 ತೋರಿಸಿತು. ಬೀಜವನ್ನು ಗಾತ್ರ ನೋಡಿ ಬೇರ್ಪಡಿಸುವ ಗ್ರೇಡರ್ ಹತ್ತಿರ 88. ಹೊರಗೆ ಕಣದಲ್ಲಿ 70ರ ಆಸುಪಾಸು.

ಅಣ್ಣ ದಿನಕ್ಕೆ 3 ಗಂಟೆ ಹಲ್ಲರ್ ಪಕ್ಕ, 4 ಗಂಟೆ ಗ್ರೇಡರ್ ಹತ್ತಿರ, ಒಂದು ಗಂಟೆ ಟೀ, ಊಟ, ಮೂಟೆ ಲೆಕ್ಕ ಅಂತ ಹೊರಗೆ. ನಿಯೋಶ್ ಲೆಕ್ಕದಲ್ಲಿ 94ಕ್ಕೆ ಸಿಗುವ ಪಾಲು ಒಂದು ಗಂಟೆ, ಇವರು ನಿಂತದ್ದು ಮೂರು. ಅಲ್ಲಿಗೆ ದಿನದ ಪಾಲಿನ 300 ಶೇಕಡಾ ಮುಗಿಯಿತು. 88ಕ್ಕೆ ಪಾಲು ನಾಲ್ಕು ಗಂಟೆ, ನಿಂತದ್ದೂ ನಾಲ್ಕು. ಇನ್ನೊಂದು 100. ಒಟ್ಟು 400 ಶೇಕಡಾ. ಒಂದು ದಿನದಲ್ಲಿ ನಾಲ್ಕು ದಿನದ ಸದ್ದು.

ಅದೇ ದಿನಚರಿಯನ್ನು ನಮ್ಮ ಪಟ್ಟಿಗೆ ಹಿಡಿಯಿರಿ. 94 ಅನ್ನುವುದು 92 ಮತ್ತು 95ರ ನಡುವೆ ಬರುತ್ತೆ, ಅದಕ್ಕೆ ಸುಮಾರು 4 ಗಂಟೆ 40 ನಿಮಿಷ ಸಿಗುತ್ತೆ. ಅಣ್ಣ ನಿಂತದ್ದು 3 ಗಂಟೆ. ಗ್ರೇಡರಿನ 88 ಪಟ್ಟಿಯಲ್ಲೇ ಇಲ್ಲ, ಅದು ಶುರುವಾಗುವುದೇ 90ರಿಂದ. ಅಂದರೆ ಕಾಗದದ ಮೇಲೆ ಎಲ್ಲ ಸರಿಯಾಗಿದೆ, ಪಾಲಿನ ಮೂರನೇ ಎರಡು ಭಾಗವೂ ಮುಗಿದಿಲ್ಲ. ನಿಯಮ ಮುರಿಯದೆಯೇ ಅಣ್ಣನ "ಸ" ಹೋಯಿತು.

ಮೀಟರ್ ಸಿಗದವರಿಗೂ ಒಂದು ದಾರಿ ಇದೆ. ಒಂದು ಕೈಯಳತೆ ದೂರದಲ್ಲಿ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾದರೆ ಅಲ್ಲಿ 85 ದಾಟಿದೆ ಅಂತ ಇಟ್ಟುಕೊಳ್ಳಿ. ಕಿವಿಗೆ ಬಾಯಿಟ್ಟು ಕೂಗಬೇಕಾದರೆ 90ರ ಮೇಲೆ ಎಲ್ಲೋ ಇದ್ದೀರಿ.

ಈಗ ರಕ್ಷಣೆಯ ವಿಷಯ. ನಾನು ಮೊದಲು ಮಾಡಿದ್ದು ಕಿವಿಗೆ ಏನಾದರೂ ಕೊಳ್ಳುವುದಲ್ಲ, ಮೆಷೀನಿನ ಸದ್ದು ಇಳಿಸುವುದು. ಹಲ್ಲರ್‌ನಿಂದ ಬೀಜ ಇಳಿಯುವ ತಗಡಿನ ಜಾರು ಇದೆಯಲ್ಲ, ಅದರ ಮೇಲೆ ಬೀಜ ಆಲಿಕಲ್ಲಿನಂತೆ ಬೀಳುತ್ತೆ. ಆ ಚಟಪಟ ಎತ್ತರದ ಸ್ವರದ್ದು, ಕಿವಿಗೆ ಅದೇ ಕೆಟ್ಟದ್ದು. ತಗಡಿನ ಹೊರಮೈಗೆ ದಪ್ಪ ರಬ್ಬರ್ ಶೀಟ್ ಅಂಟಿಸಿ, ಸಡಿಲ ಬೋಲ್ಟ್ ಬಿಗಿ ಮಾಡಿದರೆ ತಗಡು ಗಂಟೆಯಂತೆ ಮೊಳಗುವುದು ನಿಲ್ಲುತ್ತೆ. ಒಳಮೈಗೆ ರಬ್ಬರ್ ಹಾಕಿದರೆ ಇನ್ನೂ ಒಳ್ಳೆಯದು, ಆದರೆ ಸವೆದ ಚೂರು ಕಾಫಿಗೆ ಸೇರುತ್ತೆ ಅಂತ ಮಾಲೀಕರು ಒಪ್ಪಲಿಲ್ಲ. ಅವರು ಹೇಳಿದ್ದೂ ಸರಿ. ಇಷ್ಟು ಮಾಡಿದರೂ ಮಾಡಿಗೆ ತಗಡಿನ ಶೀಟು, ಸುತ್ತ ಸಿಮೆಂಟ್ ಗೋಡೆ. ಸದ್ದು ಹೊರಗೆ ಹೋಗದೆ ಒಳಗೇ ತಿರುಗುತ್ತೆ. ಹಾಗಾಗಿ ಕಿವಿಗೂ ಏನಾದರೂ ಬೇಕೇ ಆಯಿತು.

ಅಣ್ಣ ಅಷ್ಟು ವರ್ಷ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಕೆಲವೊಮ್ಮೆ ತಲೆವಸ್ತ್ರವನ್ನೇ ಕಿವಿ ಮುಚ್ಚುವಂತೆ ಸುತ್ತುತ್ತಿದ್ದರು. ಎರಡರಲ್ಲೂ ಗಾಳಿ ನುಗ್ಗುತ್ತೆ. ಗಾಳಿ ನುಗ್ಗುವಲ್ಲಿ ಸದ್ದೂ ನುಗ್ಗುತ್ತೆ. ಹತ್ತಿಯಿಂದ ಕಿವಿ ಮುಚ್ಚಿದೆ ಅನ್ನುವ ಸಮಾಧಾನ ಮಾತ್ರ ಸಿಗುತ್ತೆ. ಹುಡುಗರು ಮೊಬೈಲ್ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುವುದು ಇನ್ನೂ ಕೆಟ್ಟದ್ದು. ಹಲ್ಲರ್ ಸದ್ದಿನ ಮೇಲೆ ಹಾಡು ಕೇಳಿಸಬೇಕಲ್ಲ, ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ.

ಪ್ಲಗ್ ಎಷ್ಟು ಡೆಸಿಬಲ್ ಸದ್ದು ತಡೆಯುತ್ತೆ ಅಂತ ಹೇಳಲು ಪ್ಯಾಕೆಟ್ಟಿನ ಮೇಲೆ ಎನ್‌ಆರ್‌ಆರ್ ಅಂತ ಒಂದು ಸಂಖ್ಯೆ ಇರುತ್ತೆ. ನಾವು ತಂದ ಫೋಮ್ ಪ್ಲಗ್ ಮೇಲೆ 29 ಇತ್ತು. 94ರಲ್ಲಿ 29 ಕಳೆದರೆ 65, ಮನೆಯಲ್ಲಿ ಕೂತಷ್ಟು ನೆಮ್ಮದಿ ಅಂತ ನನಗೂ ಅನ್ನಿಸಿತ್ತು. ಹಾಗಲ್ಲ. ಆ 29 ಬಂದದ್ದು ಲ್ಯಾಬಿನಲ್ಲಿ, ಸರಿಯಾಗಿ ತುಂಬಿಸಿಕೊಂಡ ಕಿವಿಯ ಮೇಲೆ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಓಶಾ ಸಂಸ್ಥೆಯವರ ಒಂದು ಲೆಕ್ಕ ಹೀಗೆ: ಮೊದಲು 7 ಕಳೆಯಿರಿ, ಯಾಕಂದರೆ ಲ್ಯಾಬಿನ ಅಳತೆಪಟ್ಟಿ ನಮ್ಮ ಮೀಟರಿನ ಅಳತೆಪಟ್ಟಿ ಎರಡೂ ಒಂದೇ ಅಲ್ಲ. ಉಳಿದದ್ದನ್ನು ಅರ್ಧ ಮಾಡಿ, ಯಾಕಂದರೆ ಕೆಲಸದ ಜಾಗದಲ್ಲಿ ಯಾರೂ ಲ್ಯಾಬಿನಷ್ಟು ಚೆನ್ನಾಗಿ ಹಾಕಿಕೊಳ್ಳುವುದಿಲ್ಲ. (29 − 7) ÷ 2 = 11. ಅಂದರೆ ಕಿವಿಯೊಳಗೆ 94 ಇದ್ದದ್ದು 83. ಕೆಲವು ಪ್ಯಾಕೆಟ್ಟಿನ ಮೇಲೆ ಎಸ್‌ಎನ್‌ಆರ್ ಅಂತ ಇರುತ್ತೆ. ಅದು ಯುರೋಪಿನ ಬೇರೆ ಅಳತೆ, ಅದಕ್ಕೆ ಈ ಲೆಕ್ಕ ಹಾಕಬೇಡಿ.

11 ಕಡಿಮೆ ಅನ್ನಿಸಬಹುದು. ಆದರೆ 3ಕ್ಕೆ ಎರಡು ಪಟ್ಟು ಅನ್ನುವ ಲೆಕ್ಕ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತೆ. ಪ್ಲಗ್ ಇಡೀ ದಿನ ಇದ್ದರೆ ಅಣ್ಣನ 400 ಶೇಕಡಾ ಸುಮಾರು 32ಕ್ಕೆ ಇಳಿಯುತ್ತೆ. ಬೇಕಾದಷ್ಟಾಯಿತು.

"ಇಡೀ ದಿನ ಇದ್ದರೆ" ಅನ್ನುವಲ್ಲೇ ಎಲ್ಲ ಕೆಡುವುದು. ಫೋನ್ ಬಂತು, ಮೇಸ್ತ್ರಿ ಕರೆದರು, ಕಿವಿ ಕಡಿಯಿತು ಅಂತ ಹಲ್ಲರ್ ಪಕ್ಕ ಅರ್ಧ ಗಂಟೆ ತೆಗೆದಿಟ್ಟರು ಅಂದುಕೊಳ್ಳಿ. ಆ ಅರ್ಧ ಗಂಟೆ ಒಂದೇ 50 ಶೇಕಡಾ ತಿನ್ನುತ್ತೆ, ಒಟ್ಟು ಸುಮಾರು 78 ಆಗುತ್ತೆ. ಒಂದು ಗಂಟೆ ತೆಗೆದರೆ 124, ಮಿತಿ ದಾಟಿತು. ಉಳಿದ ಆರು ಗಂಟೆ ಹಾಕಿಕೊಂಡರೂ ದಾಟಿತು. ಹಾಗಂತ 29ರ ಬದಲು 33 ಇರುವ ಪ್ಲಗ್ ತಂದರೆ? ಆ ಒಂದು ಗಂಟೆಯ 100 ಶೇಕಡಾ ಹಾಗೇ ಉಳಿಯುತ್ತೆ, ಮಿತಿ ಆಗಲೂ ದಾಟುತ್ತೆ. ಅದಕ್ಕೇ ಅಂಗಡಿಯಲ್ಲಿ ನಾನೀಗ ಮೊದಲು ಕೇಳುವುದು ಸಂಖ್ಯೆಯನ್ನಲ್ಲ. ನಮ್ಮವರು ಎಂಟು ಗಂಟೆ ತೆಗೆಯದೆ ಇಟ್ಟುಕೊಳ್ಳುವಂಥದ್ದು ಯಾವುದು ಅಂತ ನೋಡುತ್ತೇನೆ.

ಫೋಮ್ ಪ್ಲಗ್ ಅಗ್ಗ, ಜೋಡಿಗೆ ಹತ್ತಿಪ್ಪತ್ತು ರೂಪಾಯಿ. ಸರಿಯಾಗಿ ಹಾಕಿದರೆ ಅದರಷ್ಟು ಸದ್ದು ತಡೆಯುವಂಥದ್ದು ಬೇರೆ ಸಿಗುವುದು ಅಪರೂಪ. ಆದರೆ ಬಹುತೇಕರು ಹಾಕುವ ರೀತಿ ತಪ್ಪು. ಬೆರಳಲ್ಲಿ ಒತ್ತಿ ಕಿವಿಬಾಯಿಗೆ ಮುಚ್ಚಳ ಹಾಕಿದಂತೆ ಇಡುತ್ತಾರೆ. ಅಣ್ಣನಿಗೆ ನಾನು ತೋರಿಸಿದ್ದು ಹೀಗೆ. ಮೊದಲು ಕೈ ತೊಳೆಯಬೇಕು. ಪ್ಲಗ್ಗನ್ನು ಎರಡು ಬೆರಳ ನಡುವೆ ಹೊಸೆಯಬೇಕು, ದೀಪಕ್ಕೆ ಬತ್ತಿ ಹೊಸೆದ ಹಾಗೆ, ಮಡಿಕೆ ಬೀಳದಂತೆ ಸಣ್ಣಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಮೇಷ್ಟ್ರು ಕಿವಿ ಹಿಂಡುತ್ತಿದ್ದರಲ್ಲ, ಆ ಕಡೆಗೇ. ಆಗ ಕಿವಿಯ ದಾರಿ ನೇರ ಆಗುತ್ತೆ. ತಕ್ಷಣ ಪ್ಲಗ್ಗನ್ನು ಒಳಗೆ ಜಾರಿಸಿ, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಈ ಅರ್ಧ ನಿಮಿಷಕ್ಕೆ ಯಾರಿಗೂ ತಾಳ್ಮೆ ಇರಲ್ಲ. ಬೆರಳು ಬೇಗ ತೆಗೆದರೆ ಪ್ಲಗ್ ಹೊರಗೆ ಉಬ್ಬಿ ಬಂದುಬಿಡುತ್ತೆ.

ಸರಿಯಾಗಿ ಕೂತಿದೆಯಾ ಅಂತ ತಿಳಿಯಲು ಮೆಷೀನ್ ಓಡುತ್ತಿರುವಾಗ ಎರಡೂ ಅಂಗೈಯಿಂದ ಕಿವಿ ಬಿಗಿಯಾಗಿ ಮುಚ್ಚಿ, ಬಿಡಿ. ಮುಚ್ಚಿದಾಗ ಸದ್ದು ಗಮನಕ್ಕೆ ಬರುವಷ್ಟು ಇಳಿದರೆ ಪ್ಲಗ್ ಸೋರುತ್ತಿದೆ ಅಂತ ಅರ್ಥ. ಜಾಸ್ತಿ ವ್ಯತ್ಯಾಸ ಕಾಣದಿದ್ದರೆ ಕೂತಿದೆ. ನಿಮ್ಮ ದನಿ ನಿಮಗೇ ಕೊಡದೊಳಗೆ ಮಾತಾಡಿದಂತೆ ಕೇಳಿಸಬೇಕು. ಎದುರು ನಿಂತವರಿಗೆ ಪ್ಲಗ್ಗಿನ ಬಹುಪಾಲು ಹೊರಗೆ ಕಾಣುತ್ತಿದ್ದರೆ ಅದು ಕಿವಿಗೆ ಇಟ್ಟ ಹೂವು ಅಷ್ಟೇ.

ಅಣ್ಣ ಫೋಮ್ ಪ್ಲಗ್ಗನ್ನು ಮೂರೇ ದಿನಕ್ಕೆ ಬಿಟ್ಟರು. ಕೈ ತುಂಬ ಕಾಫಿ ಹೊಟ್ಟಿನ ಧೂಳು, ದಿನಕ್ಕೆ ನಾಲ್ಕು ಸಲ ಕೈ ತೊಳೆದು ಹೊಸೆಯುವುದು ಆಗುವ ಮಾತಲ್ಲ. ಧೂಳಿನ ಕೈಯಲ್ಲಿ ಹೊಸೆದರೆ ಕಿವಿ ಕಡಿತ, ಸೋಂಕು. ಆಮೇಲೆ ತಂದದ್ದು ದಾರ ಇರುವ ಸಿಲಿಕಾನ್ ಪ್ಲಗ್, ಮೂರು ಪದರದ ಛತ್ರಿಯಂಥದ್ದು. ಹೊಸೆಯಬೇಕಿಲ್ಲ, ಹಿಡಿ ಹಿಡಿದು ತಳ್ಳಿದರೆ ಆಯಿತು, ಸಾಬೂನಿನಲ್ಲಿ ತೊಳೆಯಬಹುದು. ತಡೆಯುವ ಶಕ್ತಿ ಫೋಮಿಗಿಂತ ಸ್ವಲ್ಪ ಕಡಿಮೆ. ಕಿವಿಯ ಅಳತೆಗೆ ತಕ್ಕದ್ದು ಬೇಕು, ಎಡಕ್ಕೂ ಬಲಕ್ಕೂ ಬೇರೆ ಅಳತೆ ಬರುವವರೂ ಇದ್ದಾರೆ. ನಮ್ಮಲ್ಲಿ ಗ್ರೇಡರ್ ಹತ್ತಿರ ಕೂರುವ ಅಕ್ಕಂದಿರಿಗೆ ಇದೇ ಹಿಡಿಸಿತು. ಸೆರಗು, ಸ್ಕಾರ್ಫ್ ಯಾವುದಕ್ಕೂ ಅಡ್ಡಿ ಇಲ್ಲ.

ಅಣ್ಣನಿಗೆ ಅದೂ ಬೇಡವಾಯಿತು. ಅವರದ್ದು ಗಳಿಗೆಗೊಮ್ಮೆ ಒಳಗೆ ಹೊರಗೆ ಓಡಾಟ. ಕೊನೆಗೆ ಹಿಡಿಸಿದ್ದು ಇಯರ್ ಮಫ್, ತಲೆ ಮೇಲೆ ಬಿಲ್ಲಿನಂತೆ ಕೂತು ಕಿವಿಯನ್ನೇ ಮುಚ್ಚುವಂಥದ್ದು. ಧೂಳಿನ ಕೈಯಲ್ಲೂ ಹಾಕಬಹುದು, ಹಾಕಿದ್ದಾರೋ ಇಲ್ಲವೋ ಅಂತ ನನಗೆ ದೂರದಿಂದಲೇ ಕಾಣುತ್ತೆ. ಎನ್‌ಆರ್‌ಆರ್ 25, ಅದೇ ಲೆಕ್ಕದಲ್ಲಿ ಸಿಗುವುದು 9. ಪ್ಲಗ್ಗಿಗಿಂತ ಎರಡು ಕಡಿಮೆ, ಆದರೂ ಅಣ್ಣ ತೆಗೆಯದೆ ಇಟ್ಟುಕೊಳ್ಳುತ್ತಾರಾದ್ದರಿಂದ ಇದೇ ಮೇಲು. ಇದಕ್ಕೂ ಶತ್ರುಗಳಿದ್ದಾರೆ. ಮೊದಲನೆಯದು ಅಣ್ಣನ ತಲೆವಸ್ತ್ರ. ಮಫ್‌ನ ಮೆತ್ತೆಯ ಕೆಳಗೆ ಬಟ್ಟೆ ಸಿಕ್ಕಿದರೆ ಸಂದಿ ಬೀಳುತ್ತೆ. ಕನ್ನಡಕದ ಕಡ್ಡಿ, ದಪ್ಪ ಓಲೆ, ಮಳೆ ಕೋಟಿನ ಟೋಪಿ ಎಲ್ಲವೂ ಹೀಗೇ. ವಸ್ತ್ರವನ್ನು ಕಿವಿಯ ಮೇಲಕ್ಕೆ ಕಟ್ಟಿ ಅಂತ ಒಪ್ಪಿಸಲು ನನಗೆ ಒಂದು ವಾರ ಬೇಕಾಯಿತು. ಎರಡನೆಯದು ಬೆವರು. ಮೆತ್ತೆ ಗಟ್ಟಿಯಾಗಿ ಬಿರುಕು ಬಿಟ್ಟರೆ ಮಫ್ ಸೋರುತ್ತೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಮೆತ್ತೆ ಬದಲಿಸಬೇಕು, ಹಾಗಾಗಿ ಕೊಳ್ಳುವಾಗಲೇ ಬಿಡಿ ಮೆತ್ತೆ ಸಿಗುತ್ತಾ ಅಂತ ಕೇಳಿ.

ಶೆಡ್ಡಿನ ಹೊರಗಿನ ಕೆಲಸಗಳಿಗೆ ಆಯ್ಕೆ ಸ್ವಲ್ಪ ಬದಲಾಗುತ್ತೆ. ತೋಟದಲ್ಲಿ ಪೆಟ್ರೋಲ್ ವೀಡ್ ಕಟ್ಟರ್ ಹಿಡಿದವರ ಕಿವಿಗೆ 95ರ ಮೇಲೆ ಬೀಳುವುದು ಮಾಮೂಲು. ಸಿಲ್ವರ್ ಓಕ್ ಕೊಯ್ಯುವ ಚೈನ್ ಸಾ 105ಕ್ಕೂ ಏರುತ್ತೆ. ಕಲ್ಲು, ಮರದ ಚೂರು ಹಾರುವ ಕೆಲಸಗಳಾದ್ದರಿಂದ ಮುಖದ ಜಾಲರಿ, ಮಫ್ ಎರಡೂ ಸೇರಿಸಿದ ಹೆಲ್ಮೆಟ್ ಅಲ್ಲಿ ಸರಿ. ಚೈನ್ ಸಾ ಹಿಡಿದು ಗಂಟೆಗಟ್ಟಲೆ ಕೆಲಸ ಮಾಡುವವರು ಒಳಗೆ ಪ್ಲಗ್, ಮೇಲೆ ಮಫ್ ಹಾಕಬೇಕು. ಎರಡೂ ಹಾಕಿದರೆ ಎರಡರ ಸಂಖ್ಯೆ ಕೂಡುವುದಿಲ್ಲ. ಜಾಸ್ತಿ ತಡೆಯುವ ಒಂದರ ಮೇಲೆ ಸುಮಾರು 5 ಡೆಸಿಬಲ್ ಸಿಗುತ್ತೆ ಅಷ್ಟೇ, ಉಳಿದದ್ದು ತಲೆಬುರುಡೆಯ ಮೂಲಕವೇ ಒಳಗೆ ಹೋಗುತ್ತೆ. ಕಟ್ಟಡದ ಕೆಲಸದಲ್ಲಿ ಗ್ರೈಂಡರ್‌ನಿಂದ ಟೈಲ್ಸ್ ಕೊಯ್ಯುವವರು "ಎರಡು ನಿಮಿಷದ ಕೆಲಸ" ಅನ್ನುತ್ತಾರೆ. 100 ಡೆಸಿಬಲ್‌ಗೆ ನಿಯೋಶ್ ಲೆಕ್ಕದಲ್ಲಿ ಸಿಗುವುದು ದಿನಕ್ಕೆ 15 ನಿಮಿಷ. ಎರಡು ನಿಮಿಷದ ಎಂಟು ಟೈಲ್ಸ್‌ಗೆ ಅದು ಮುಗಿಯಿತು. ಅವರಿಗೆ ಕುತ್ತಿಗೆಗೆ ನೇತಾಡುವ ಬ್ಯಾಂಡ್ ಇರುವ ಪ್ಲಗ್ ಅನುಕೂಲ.

ಮಡಿಕೇರಿಯಲ್ಲಿ ವೃತ್ತದ ನಡುವೆ ನಿಲ್ಲುವ ಟ್ರಾಫಿಕ್ ಪೊಲೀಸರ ಕಷ್ಟ ಬೇರೆ. ಅಲ್ಲಿ ಸರಾಸರಿ ಸದ್ದು ಹಲ್ಲರಿನಷ್ಟು ಇರಲ್ಲ, ಹತ್ತಿರದ ಹಾರ್ನ್ ಮಾತ್ರ ಚುಚ್ಚುತ್ತೆ. ಅವರು ಫೋಮ್ ತುಂಬಿಕೊಂಡರೆ ಹಿಂದಿನಿಂದ ಬರುವ ಬಸ್ಸೇ ಕೇಳಿಸಲ್ಲ. ಎಲ್ಲ ಸ್ವರವನ್ನೂ ಒಂದೇ ಹದದಲ್ಲಿ ಸ್ವಲ್ಪ ಸ್ವಲ್ಪ ಇಳಿಸುವ ಫಿಲ್ಟರ್ ಪ್ಲಗ್ ಸಿಗುತ್ತೆ, ಅಂಥದ್ದು ಅವರಿಗೆ ಬೇಕು. ಜಾಸ್ತಿ ತಡೆದಷ್ಟೂ ಒಳ್ಳೆಯದು ಅನ್ನುವುದು ನಮ್ಮ ಶೆಡ್ಡಿನಲ್ಲೂ ಸರಿ ಅಲ್ಲ. ಕಿವಿಯೊಳಗೆ 70ಕ್ಕಿಂತ ಕೆಳಗೆ ಇಳಿದರೆ ಮನುಷ್ಯ ಒಂಟಿಯಾಗುತ್ತಾನೆ. ಲಾರಿ ರಿವರ್ಸ್ ಬರುವುದು ಕೇಳಿಸಲ್ಲ. ಆಗ ಪ್ಲಗ್ ಕಿತ್ತು ಜೇಬಿಗೆ ಹಾಕುತ್ತಾನೆ. 75ರಿಂದ 80ರ ನಡುವೆ ಇದ್ದರೆ ಹದ.

ಅಣ್ಣನನ್ನು ಕೊನೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಹಿಂದಿನ ಸಂಜೆಯಿಂದ ಹಲ್ಲರ್ ಹತ್ತಿರ ಬಿಡಲಿಲ್ಲ. ದಣಿದ ಕಿವಿ ಪರೀಕ್ಷೆಯಲ್ಲಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತೆ, ಹಾಗಾಗಿ ಒಂದು ರಾತ್ರಿಯಾದರೂ ಸುಮ್ಮನಿರಬೇಕು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕೀಂಯ್ ಅಂತ ಸಣ್ಣ ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದರು. ಹೊರಬಂದ ಹಾಳೆಯಲ್ಲಿ ಗೆರೆ ಎಡದಿಂದ ನೆಟ್ಟಗೆ ಬಂದು, 4,000 ಹರ್ಟ್ಸ್ ಹತ್ತಿರ ಗುಂಡಿಗೆ ಇಳಿದು, 8,000ದಲ್ಲಿ ಮತ್ತೆ ಸ್ವಲ್ಪ ಮೇಲೇರಿತ್ತು. ವಯಸ್ಸಿನ ಕಿವುಡಾದರೆ ಗೆರೆ ಇಳಿಜಾರಿನಲ್ಲಿ ಇಳಿಯುತ್ತಲೇ ಹೋಗುತ್ತೆ. ನಡುವೆ ಗುಂಡಿ ಬಿದ್ದು ಎದ್ದರೆ ಅದು ಸದ್ದಿನ ಕೆಲಸ ಅಂತ ಅಲ್ಲಿನವರು ಬೆರಳಿಟ್ಟು ತೋರಿಸಿದರು. ಆ ಹಾಳೆಯನ್ನು ಜೋಪಾನ ಮಾಡಲು ಹೇಳಿದೆ. ಸದ್ದಿನಿಂದ ಕಿವಿ ಹೋಗುವುದು ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆ. ಪರಿಹಾರದ ಪಟ್ಟಿಯಲ್ಲೂ ಇದೆ. ಯಾವ ವರ್ಷ ಎಷ್ಟಿತ್ತು ಅಂತ ತೋರಿಸಲು ಹಾಳೆ ಬೇಕು.

"ಮಾತ್ರೆ ಇಲ್ವಾ?" ಅಂತ ಅಣ್ಣ ಕೇಳಿದರು. ಇಲ್ಲ ಅಂದರು. ಮುಂದೆ ಬೇಕಾದರೆ ಕಿವಿಗೆ ಯಂತ್ರ ಹಾಕಬಹುದು, ಈಗ ಇರುವುದನ್ನು ಉಳಿಸಿಕೊಳ್ಳಿ, ವರ್ಷಕ್ಕೊಮ್ಮೆ ಬನ್ನಿ ಅಂದರು.

ಮಫ್ ಈಗ ಹಲ್ಲರಿನ ಸ್ವಿಚ್ಚಿನ ಮೇಲೆಯೇ ನೇತಾಡುತ್ತೆ. ಅದನ್ನು ತೆಗೆಯದೆ ಸ್ವಿಚ್ ಒತ್ತಲು ಬರದ ಹಾಗೆ ಮೊಳೆ ಹೊಡೆದಿದ್ದೇನೆ. ಈ ವರ್ಷದ ಆಯುಧ ಪೂಜೆಯಲ್ಲೂ ಸಾರಿನ ಬಕೆಟ್ ಹಿಡಿದು ಬಂದವರು ಅಣ್ಣನೇ. ನಾನು ಮಾತಾಡಲು ಹೋಗಲಿಲ್ಲ, ಎಲೆಯ ಮೇಲೆ ಕೈ ಅಡ್ಡ ಹಿಡಿದೆ.